ಒಂದು ಶಾರ್ಟ್ಸ್ ಲಕ್ಷಗಟ್ಟಲೆ ಓಡಿದ ಮೇಲೆ: ಮುಂದಿನ ಎರಡು ವಾರದ ಕೆಲಸ

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಸೈಕಲ್ ರಿಪೇರಿ ಬಗ್ಗೆ ಚಾನೆಲ್ ನಡೆಸುತ್ತೇನೆ. ನನ್ನ ಶಾರ್ಟ್ಸ್‌ಗೆ ಸಾಮಾನ್ಯವಾಗಿ ಸಾವಿರದಿಂದ ಒಂದೂವರೆ ಸಾವಿರ ವ್ಯೂಸ್ ಬರುತ್ತೆ. ಬ್ರೇಕ್ ಕಿರ್ರ್ ಅನ್ನೋದನ್ನ ನಿಲ್ಲಿಸೋದು ಹೇಗೆ ಅಂತ 42 ಸೆಕೆಂಡಿನ ವಿಡಿಯೊ ಹಾಕಿದ್ದೆ. ನಾಲ್ಕೇ ದಿನದಲ್ಲಿ 3.8 ಲಕ್ಷ ದಾಟಿತು. 900 ಇದ್ದ ಸಬ್‌ಸ್ಕ್ರೈಬರ್‌ಗಳು 2,300 ಆದರು. ಖುಷಿಯಲ್ಲಿ ಗೇರ್ ಬಗ್ಗೆ ಒಂದು, ಟೈರ್ ಬಗ್ಗೆ ಒಂದು ಶಾರ್ಟ್ಸ್ ಹಾಕಿದೆ. ಎರಡೂ 700ರಲ್ಲೇ ನಿಂತವು. ಬಂದವರೆಲ್ಲ ಎಲ್ಲಿ ಹೋದರು? ಅವರನ್ನು ಉಳಿಸಿಕೊಳ್ಳೋಕೆ ಈಗ ಏನು ಮಾಡಲಿ?

ಉತ್ತರ: ಬಂದವರಲ್ಲಿ ಹೆಚ್ಚಿನವರು ನಿಮ್ಮ ಚಾನೆಲ್ ಹುಡುಕಿಕೊಂಡು ಬಂದವರಲ್ಲ. ಬೆರಳಿನಿಂದ ಫೀಡ್ ಸರಿಸುತ್ತಾ ಇದ್ದರು, ತಮ್ಮ ಸೈಕಲ್ಲಿನದೇ ಅನ್ನಿಸುವ ಸದ್ದು ಕೇಳಿಸಿತು, ನಿಂತು ನೋಡಿದರು. ಅವರ ತಲೆಯಲ್ಲಿ ಇರೋದು ಬ್ರೇಕ್. ನೀವು ಕೊಟ್ಟಿದ್ದು ಗೇರ್ ಮತ್ತು ಟೈರ್. ಹಾಗಾಗಿ ಆ ಎರಡು ವಿಡಿಯೊ ಕೆಟ್ಟದಾಗಿವೆ ಅಂತ ಬೇಸರ ಮಾಡಿಕೊಳ್ಳಬೇಡಿ. ಯೂಟ್ಯೂಬ್ ಪ್ರತಿ ಶಾರ್ಟ್ಸನ್ನೂ ಮೊದಲು ಸ್ವಲ್ಪ ಜನಕ್ಕೆ ತೋರಿಸಿ, ಅವರು ನಿಂತು ನೋಡುತ್ತಾರಾ ಇಲ್ಲ ಸರಿಸಿಬಿಡುತ್ತಾರಾ ಅಂತ ನೋಡುತ್ತದೆ. ಹಿಂದಿನ ವಿಡಿಯೊ ಓಡಿದ್ದರಿಂದ ಮುಂದಿನದಕ್ಕೆ ಪುಕ್ಕಟೆ ಜನ ಸಿಗುವುದಿಲ್ಲ. ಹೊಸ ಸಬ್‌ಸ್ಕ್ರೈಬರ್‌ಗಳ ಕಥೆಯೂ ಅಷ್ಟೇ. ಶಾರ್ಟ್ಸ್ ನೋಡುತ್ತಾ ಆ ಗುಂಡಿ ಒತ್ತುವುದಕ್ಕೆ ಅರೆ ಕ್ಷಣ ಸಾಕು. ಅವರು ನಿಮ್ಮ ಎರಡನೇ ವಿಡಿಯೊ ನಿಂತು ನೋಡಿದ ಮೇಲೆಯೇ ನಿಮ್ಮವರು.

ಅಂದರೆ ಈಗಿನ ಕೆಲಸ ಒಂದೇ. ಬ್ರೇಕ್ ವಿಷಯಕ್ಕೆ ಬಂದವರಿಗೆ ಬ್ರೇಕ್ ವಿಷಯದ ಮುಂದಿನ ಪ್ರಶ್ನೆಗೆ ಉತ್ತರ ಕೊಡಬೇಕು, ಅದೂ ಮೊದಲ ವಿಡಿಯೊ ಇನ್ನೂ ಓಡುತ್ತಿರುವಾಗಲೇ. ಇದಕ್ಕೆ ಎರಡು ವಾರ ಸಾಕು.

ಮೊದಲಿಗೆ ಓಡುತ್ತಿರುವ ವಿಡಿಯೊಗೆ ತೊಂದರೆ ಕೊಡಬೇಡಿ. ಇನ್ನೂ ಚೆನ್ನಾಗಿ ಎಡಿಟ್ ಮಾಡಿ ಮತ್ತೆ ಹಾಕೋಣ ಅಂತ ಅದನ್ನು ತೆಗೆದವರಿದ್ದಾರೆ. ತೆಗೆದರೆ ಅದರ ಜೊತೆಗಿದ್ದ ಕಾಮೆಂಟು, ಹಂಚಿಕೆ, ಓಟ ಎಲ್ಲ ಹೋಗುತ್ತದೆ. ಹೊಸದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅದು ಹಾಗೇ ಇರಲಿ, ಅದರ ಸುತ್ತ ಬಾಗಿಲು ತೆರೆಯಿರಿ.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ಶಾರ್ಟ್ಸ್‌ನ ವಿವರಣೆಯಲ್ಲೋ ಕಾಮೆಂಟಿನಲ್ಲೋ ಇನ್ನೊಂದು ವಿಡಿಯೊದ ಲಿಂಕ್ ಅಂಟಿಸಿ ಕಾಯುತ್ತಾ ಕೂರುತ್ತಾರೆ. 2023ರ ಆಗಸ್ಟ್ ಕೊನೆಯಿಂದ ಅಲ್ಲಿನ ಲಿಂಕುಗಳು ಒತ್ತಿದರೆ ತೆರೆಯುವುದಿಲ್ಲ. ಸ್ಪ್ಯಾಮ್ ತಡೆಯೋಕೆ ಯೂಟ್ಯೂಬ್ ಅದನ್ನು ನಿಲ್ಲಿಸಿತು. ಅದಕ್ಕೆ ಬದಲಾಗಿ ಬಂದದ್ದು Related video. ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ಶಾರ್ಟ್ಸ್‌ನ ವಿವರಗಳ ಪುಟ ತೆರೆದರೆ ಈ ಆಯ್ಕೆ ಸಿಗುತ್ತದೆ. ನಿಮ್ಮದೇ ಚಾನೆಲ್‌ನ ಒಂದು ವಿಡಿಯೊ ಆರಿಸಿದರೆ ಅದರ ಹೆಸರು ಶಾರ್ಟ್ಸ್ ಮೇಲೆಯೇ ಕಾಣುತ್ತದೆ, ಬೆರಳಿಟ್ಟರೆ ತೆರೆಯುತ್ತದೆ. ಆಯ್ಕೆ ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ Feature eligibility ನೋಡಿ, ನಿಮ್ಮ ಖಾತೆಗೆ ಇನ್ನೂ ಕೆಲವು ಸೌಲಭ್ಯ ತೆರೆದಿರಲಿಕ್ಕಿಲ್ಲ.

ಅಲ್ಲಿ ಏನು ಜೋಡಿಸಬೇಕು? ನಿಮ್ಮ ಅತ್ಯುತ್ತಮ ವಿಡಿಯೊ ಅಲ್ಲ, ಬ್ರೇಕಿಗೆ ಹತ್ತಿರವಾದ ವಿಡಿಯೊ. ನೀವು ಕಷ್ಟಪಟ್ಟು ಮಾಡಿದ ಗೇರ್ ಸೆಟ್ಟಿಂಗ್ ವಿಡಿಯೊ ಎಷ್ಟೇ ಚೆನ್ನಾಗಿರಲಿ, ಈ ಜನಕ್ಕೆ ಅದು ಬೇಡ. ಬ್ರೇಕ್ ಕೇಬಲ್ ಬಿಗಿ ಮಾಡುವ ಹಳೆಯ, ಸಾಧಾರಣ ವಿಡಿಯೊ ಒಂದಿದ್ದರೆ ಅದೇ ಸಾಕು. ಹೊಸದು ತಯಾರಾದ ತಕ್ಷಣ ಬದಲಿಸಬಹುದು. ಅದೇ ದಿನ ಚಾನೆಲ್ ಪುಟವನ್ನೂ ಸ್ವಲ್ಪ ಸರಿ ಮಾಡಿ. ಹೆಸರು ಒತ್ತಿ ಒಳಗೆ ಬಂದವರಿಗೆ ಮೊದಲು ಬ್ರೇಕ್ ವಿಡಿಯೊಗಳ ಪ್ಲೇಲಿಸ್ಟ್ ಕಾಣಲಿ. ಮೂರು ವಿಡಿಯೊ ಇದ್ದರೂ ಪರವಾಗಿಲ್ಲ.

ಇನ್ನು ಪಿನ್ ಮಾಡುವ ಕಾಮೆಂಟ್. "ಸಬ್‌ಸ್ಕ್ರೈಬ್ ಮಾಡಿ" ಅಂತ ಬರೆದು ಆ ಜಾಗ ಹಾಳು ಮಾಡಬೇಡಿ. ಕಿರುಚುವ ಬ್ರೇಕ್ ವಿಡಿಯೊ ಕೆಳಗೆ "ಸ್ವಲ್ಪ ಎಣ್ಣೆ ಬಿಟ್ಟರೆ ಸಾಕು" ಅಂತ ಸಲಹೆ ಕೊಡುವವರು ಖಂಡಿತ ಇರುತ್ತಾರೆ. ರಿಮ್ ಮೇಲೆ ಎಣ್ಣೆ ಬಿದ್ದರೆ ಸದ್ದು ನಿಲ್ಲಬಹುದು, ಬ್ರೇಕೂ ಹಿಡಿಯುವುದಿಲ್ಲ! ಆದ್ದರಿಂದ ನಿಮ್ಮ ಪಿನ್ ಕಾಮೆಂಟ್ ಹೀಗಿರಲಿ: "ರಿಮ್‌ಗಾಗಲಿ ಡಿಸ್ಕ್‌ಗಾಗಲಿ ಎಣ್ಣೆ ಹಾಕಬೇಡಿ, ಬ್ರೇಕ್ ಜಾರುತ್ತದೆ. ನಿಮ್ಮದು ರಿಮ್ ಬ್ರೇಕಾ, ಡಿಸ್ಕ್ ಬ್ರೇಕಾ? ಸದ್ದು ಮುಂದಿನ ಚಕ್ರದಲ್ಲಾ, ಹಿಂದಿನದರಲ್ಲಾ? ಬರೆಯಿರಿ, ಮುಂದಿನ ವಿಡಿಯೊದಲ್ಲಿ ಉತ್ತರ ಕೊಡುತ್ತೇನೆ." ಇದರಿಂದ ಅಪಾಯವೂ ತಪ್ಪುತ್ತದೆ, ಮುಂದಿನ ವಿಡಿಯೊಗೆ ವಿಷಯವೂ ಸಿಗುತ್ತದೆ.

ಇಷ್ಟಾದ ಮೇಲೆ ಕ್ಯಾಮೆರಾ ಹಿಡಿಯುವ ಮುಂಚೆ ಒಂದು ದಿನ ಅಂಕಿ ಅಂಶ ಓದಿ. ಹೆಚ್ಚೇನೂ ಬೇಡ, ನಾಲ್ಕು ಕಡೆ ನೋಡಿದರೆ ಸಾಕು.

ಮೊದಲನೆಯದು Engaged views. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಪರದೆ ಮೇಲೆ ಓಡಲು ಶುರುವಾದರೆ ಸಾಕು, ಅದೊಂದು ವ್ಯೂ ಅಂತ ಲೆಕ್ಕ. ಮತ್ತೆ ಸುತ್ತು ಹೊಡೆದರೆ ಇನ್ನೊಂದು ವ್ಯೂ. ಒಂದಿಷ್ಟು ಹೊತ್ತು ನಿಂತು ನೋಡಿದವರ ಹಳೆಯ ಲೆಕ್ಕ ಈಗ Engaged views ಎಂಬ ಹೆಸರಲ್ಲಿದೆ. ನಿಮ್ಮ 3.8 ಲಕ್ಷದಲ್ಲಿ ಆ ಸಂಖ್ಯೆ ಎಷ್ಟು ಅಂತ ನೋಡಿ. ನೀವು ಉಳಿಸಿಕೊಳ್ಳಬಹುದಾದ ಜನ ಆ ಸಂಖ್ಯೆಯೊಳಗೇ ಇದ್ದಾರೆ, ಉಳಿದದ್ದು ಬರೀ ದಾಟಿ ಹೋದ ಗದ್ದಲ. ಅಂದ ಹಾಗೆ, ಹಣದ ಲೆಕ್ಕವನ್ನು ಈಗಲೇ ಹಾಕಬೇಡಿ. ಶಾರ್ಟ್ಸ್ ದಾರಿಯಲ್ಲಿ ಜಾಹೀರಾತು ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆಗೆ 90 ದಿನದಲ್ಲಿ ಒಂದು ಕೋಟಿ ವ್ಯೂಸ್ ಬೇಕು, ಅದೂ Engaged views ಲೆಕ್ಕದಲ್ಲಿ. 3.8 ಲಕ್ಷವನ್ನು ಇಡಿಯಾಗಿ ತೆಗೆದುಕೊಂಡರೂ ಅದು ನೂರಕ್ಕೆ ನಾಲ್ಕು ಭಾಗ ಆಗುವುದಿಲ್ಲ.

ಎರಡನೆಯದು, ಸಾವಿರ ವ್ಯೂಸ್‌ಗೆ ಎಷ್ಟು ಸಬ್‌ಸ್ಕ್ರೈಬರ್ ಸಿಕ್ಕಿದರು ಅನ್ನೋದು. 3.8 ಲಕ್ಷಕ್ಕೆ 1,400 ಜನ, ಅಂದರೆ ಸಾವಿರಕ್ಕೆ ಸುಮಾರು 3.7. ನಿಮ್ಮ ಹಳೆಯ ವಿಡಿಯೊಗಳಲ್ಲಿ ಇದೇ ಲೆಕ್ಕ ಹಾಕಿ. ಅಲ್ಲಿ ಸಾವಿರಕ್ಕೆ 5 ಬರುತ್ತಿದ್ದರೆ ಇದು ಚಿಂತೆಯ ವಿಷಯವಲ್ಲ. ಜಾಸ್ತಿ ಜನಕ್ಕೆ ತಲುಪಿದಂತೆಲ್ಲ ಸೈಕಲ್ ಬಗ್ಗೆ ಆಸಕ್ತಿ ಇಲ್ಲದವರೂ ಸೇರುತ್ತಾರೆ, ಪ್ರಮಾಣ ಇಳಿಯುತ್ತದೆ. ಆದರೆ ಹಳೆಯದು 5 ಇದ್ದು ಇದು ಒಂದಕ್ಕಿಂತ ಕೆಳಗೆ ಬಂದಿದ್ದರೆ ಕಥೆ ಬೇರೆ. ಆಗ ವಿಡಿಯೊ ಓಡಿದ್ದು ರಿಪೇರಿಗಲ್ಲ, ಬೇರೆ ಯಾವುದೋ ಕಾರಣಕ್ಕೆ ಅಂತ ಅರ್ಥ. ಸದ್ದು ಕೇಳಿ ಜನ ನಕ್ಕಿರಬಹುದು, ಕಾಮೆಂಟಿನಲ್ಲಿ ಯಾವುದೋ ಜಗಳ ಹತ್ತಿರಬಹುದು. ಅಂಥ ಓಟದ ಹಿಂದೆ ಹೋಗಬೇಡಿ. ಬಾಗಿಲು ತೆರೆದಿಟ್ಟು ನಿಮ್ಮ ಎಂದಿನ ಕೆಲಸಕ್ಕೆ ಹಿಂದಿರುಗಿ. ನಿಮ್ಮ ಲೆಕ್ಕ ನೋಡಿದರೆ ನಿಮ್ಮದು ಹಾಗೆ ಕಾಣುತ್ತಿಲ್ಲ.

ಮೂರನೆಯದು, ಜನ ಎಲ್ಲಿಂದ ಬಂದರು ಅನ್ನೋದು. ಇದರಲ್ಲಿ ಎರಡು ಅರ್ಥ ಇದೆ. ಒಂದು, ಶಾರ್ಟ್ಸ್ ಫೀಡಿನಿಂದಲಾ, ಹುಡುಕಾಟದಿಂದಲಾ? ಫೀಡಿನಿಂದ ಬಂದ ಏರಿಕೆ ಎಷ್ಟು ಬೇಗ ಏರುತ್ತದೋ ಅಷ್ಟೇ ಬೇಗ ಇಳಿಯುತ್ತದೆ. ಹುಡುಕಾಟದ ಪಾಲು ನಿಧಾನವಾಗಿ ಬೆಳೆಯುತ್ತಿದ್ದರೆ ಆ ವಿಡಿಯೊ ತಿಂಗಳುಗಟ್ಟಲೆ ಹೊಸಬರನ್ನು ತರುತ್ತಿರುತ್ತದೆ. ಇನ್ನೊಂದು ಅರ್ಥ ಊರು ಮತ್ತು ಭಾಷೆಯದು. 42 ಸೆಕೆಂಡಿನಲ್ಲಿ ನೀವು ಎಷ್ಟು ಮಾತಾಡಿದ್ದೀರಿ? ಕೈ ಕೆಲಸವೇ ಜಾಸ್ತಿ, ಮಾತು ಕಡಿಮೆ ಆಗಿದ್ದರೆ ನಿಮ್ಮ ಭಾಷೆ ಗೊತ್ತಿಲ್ಲದವರೂ ನೋಡಿರುತ್ತಾರೆ. ಸಬ್‌ಸ್ಕ್ರೈಬ್ ಕೂಡ ಮಾಡಿರುತ್ತಾರೆ. ಆಮೇಲೆ ನೀವು ಮಾತು ತುಂಬಿದ ವಿಡಿಯೊ ಹಾಕಿದರೆ ಅವರು ಮೂರನೇ ಸೆಕೆಂಡಿಗೇ ಸರಿಸಿಬಿಡುತ್ತಾರೆ. ಗೇರ್ ವಿಡಿಯೊ 700ರಲ್ಲಿ ನಿಂತದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಅನಲಿಟಿಕ್ಸ್‌ನ Audience ಭಾಗದಲ್ಲಿ ದೇಶಗಳ ಪಟ್ಟಿ ಇರುತ್ತದೆ, ಹಳೆಯದಕ್ಕೂ ಇದಕ್ಕೂ ಹೋಲಿಸಿ. ತುಂಬಾ ಬದಲಾಗಿದ್ದರೆ ಮುಂದಿನ ಮೂರು ವಿಡಿಯೊಗಳಲ್ಲಿ ಕೈ ಕೆಲಸವೇ ಕಥೆ ಹೇಳಲಿ, ಪರದೆ ಮೇಲಿನ ಬರಹ ನಾಲ್ಕೈದು ಪದಕ್ಕೆ ಮುಗಿಯಲಿ.

ನಾಲ್ಕನೆಯದು ನೋಡುಗರು ಎಲ್ಲಿ ಉಳಿದರು, ಎಲ್ಲಿ ಬಿಟ್ಟರು ಎಂಬ ಗೆರೆ. ಇಳಿಯುತ್ತಾ ಬಂದ ಗೆರೆ ಮಧ್ಯೆ ಎಲ್ಲಾದರೂ ಉಬ್ಬಿದ್ದರೆ ಜನ ಆ ಜಾಗವನ್ನು ಮತ್ತೆ ಮತ್ತೆ ನೋಡಿದ್ದಾರೆ. ಈ ವಿಡಿಯೊದಲ್ಲಿ ಅದು ಬ್ರೇಕ್ ರಬ್ಬರ್ ಓರೆ ಮಾಡುವ ಜಾಗದಲ್ಲಿ ಇರುತ್ತದೆ ಅಂತ ನನ್ನ ಊಹೆ. ಮುಂದಿನ ತುದಿ ರಿಮ್‌ಗೆ ಮೊದಲು ತಾಗಬೇಕು, ಹಿಂದಿನ ತುದಿಯಲ್ಲಿ ಸುಮಾರು ಒಂದು ಮಿಲಿಮೀಟರ್ ಸಂದು ಇರಬೇಕು. ಅದು ಒಂದೇ ನೋಟಕ್ಕೆ ಅರ್ಥವಾಗುವ ಕೆಲಸವಲ್ಲ. ಉಬ್ಬು ಅಲ್ಲಿದ್ದರೆ ನಿಮ್ಮ ಮುಂದಿನ ವಿಡಿಯೊದ ವಿಷಯ ಅಲ್ಲೇ ಸಿಕ್ಕಿತು.

ಆದರೆ ಎಲ್ಲಕ್ಕಿಂತ ದೊಡ್ಡ ಗಣಿ ಕಾಮೆಂಟುಗಳು. ಸಾವಿರ ಕಾಮೆಂಟ್ ಬಂದಿದ್ದರೂ ಇನ್ನೂರು ಮುನ್ನೂರು ಓದಿದರೆ ಚಿತ್ರ ಸಿಗುತ್ತದೆ. ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಳ್ಳಿ, ಅದೇ ಪ್ರಶ್ನೆ ಮತ್ತೆ ಬಂದರೆ ಪಕ್ಕದಲ್ಲಿ ಗೀಟು ಎಳೆಯಿರಿ. ತಮಾಷೆ, ಹೊಗಳಿಕೆ, ಜಗಳ ಬಿಡಿ. ನಿಮ್ಮ ವಿಷಯದಲ್ಲಿ ಮೇಲೆ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಹೀಗಿರುತ್ತವೆ: "ನನ್ನದು ಡಿಸ್ಕ್ ಬ್ರೇಕ್, ಏನು ಮಾಡಲಿ?", "ನೀವು ಹೇಳಿದ ಹಾಗೆ ಮಾಡಿದೆ, ಈಗ ಒಂದು ಕಡೆ ರಬ್ಬರ್ ಉಜ್ಜುತ್ತಾ ಇದೆ", "ರಬ್ಬರ್ ಬದಲಿಸಬೇಕಾ, ಹೇಗೆ ಗೊತ್ತಾಗುತ್ತೆ?" ಎರಡನೆಯದನ್ನು ಕೇಳಿದವರು ನಿಮಗೆ ತುಂಬಾ ಮುಖ್ಯ. ಅವರು ವಿಡಿಯೊ ನೋಡಿ ಎದ್ದು ಹೋಗಿ ಕೈ ಕೊಳೆ ಮಾಡಿಕೊಂಡವರು, ಈಗ ಅರ್ಧದಲ್ಲಿ ನಿಂತಿದ್ದಾರೆ. ಸಂಖ್ಯೆ ಕಡಿಮೆ ಇದ್ದರೂ ಮೊದಲ ಉತ್ತರ ಅವರಿಗೇ ಹೋಗಲಿ.

ಹಾಗಾಗಿ ನಿಮ್ಮ ಮೊದಲ ಮುಂದುವರಿಕೆ ವಿಡಿಯೊ ಇದು: ರಬ್ಬರ್ ಒಂದೇ ಕಡೆ ಉಜ್ಜಿದರೆ ಏನು ಮಾಡಬೇಕು. ವಿ-ಬ್ರೇಕ್‌ನಲ್ಲಿ ಎರಡೂ ತೋಳಿನ ಬುಡದಲ್ಲಿ ಒಂದೊಂದು ಪುಟ್ಟ ಸ್ಕ್ರೂ ಇರುತ್ತದೆ ಅಲ್ವಾ? ಉಜ್ಜುವ ಕಡೆಯದನ್ನು ಅರ್ಧ ಸುತ್ತು ಬಿಗಿ ಮಾಡಿದರೆ ಆ ಕಡೆ ಸ್ಪ್ರಿಂಗ್ ಗಟ್ಟಿಯಾಗಿ ರಬ್ಬರ್ ರಿಮ್‌ನಿಂದ ದೂರ ಸರಿಯುತ್ತದೆ. 30 ಸೆಕೆಂಡಿನಲ್ಲಿ ತೋರಿಸಬಹುದು. ಇದನ್ನು ಮೂರರಿಂದ ಐದು ದಿನದ ಒಳಗೆ ಹಾಕಿ. ಆ ಅವಧಿ ಯೂಟ್ಯೂಬ್‌ನ ನಿಯಮ ಅಲ್ಲ. ಮೊದಲ ವಿಡಿಯೊಗೆ ಇನ್ನೂ ಜನ ಬರುತ್ತಿರುವಾಗ Related video ಜಾಗದಲ್ಲಿ ಹೊಸದು ಇದ್ದರೆ ಆ ಹರಿವು ಇದಕ್ಕೂ ಸ್ವಲ್ಪ ತಿರುಗುತ್ತದೆ, ಅಷ್ಟೇ. ಕಾಮೆಂಟಿಗೆ ಶಾರ್ಟ್ಸ್ ಮೂಲಕವೇ ಉತ್ತರ ಕೊಡುವ ಸೌಲಭ್ಯ ಮೊಬೈಲ್ ಆ್ಯಪ್‌ನಲ್ಲಿದೆ. ಅದನ್ನು ಬಳಸಿದರೆ ಕೇಳಿದವರ ಪ್ರಶ್ನೆ ಪರದೆ ಮೇಲೆ ಅಂಟಿಸಿದ ಹಾಗೆ ಕಾಣುತ್ತದೆ. ಈ ವಿಡಿಯೊಗೆ ಅದು ಹೇಳಿ ಮಾಡಿಸಿದಂತಿದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. "ಭಾಗ 2" ಅಂತ ಹೆಸರಿಡಬೇಡಿ. ಫೀಡಿನಲ್ಲಿ ಈ ವಿಡಿಯೊ ಯಾರಿಗೆ ಮೊದಲು ಹೋಗುತ್ತೋ ಅವರಲ್ಲಿ ಹೆಚ್ಚಿನವರು ಮೊದಲನೆಯದನ್ನು ನೋಡಿರುವುದೇ ಇಲ್ಲ. "ಹಿಂದಿನ ವಿಡಿಯೊದಲ್ಲಿ ಹೇಳಿದ ಹಾಗೆ" ಅಂತ ಶುರು ಮಾಡಿದರೆ ಅವರಿಗೆ ತಲೆಬುಡ ಗೊತ್ತಾಗದೆ ಸರಿಸುತ್ತಾರೆ. ಮೊದಲನೆಯದನ್ನು ನೋಡದವರಿಗೂ ಪೂರ್ತಿ ಅರ್ಥವಾಗಬೇಕು, ನೋಡಿದವರಿಗೆ ಅದೇ ಮನುಷ್ಯ ಅಂತ ಗುರುತು ಸಿಗಬೇಕು. ಗುರುತು ಮಾತಿನಿಂದ ಬರುವುದಕ್ಕಿಂತ ನೋಟದಿಂದ ಬರುತ್ತದೆ. ಅದೇ ಸೈಕಲ್, ಅದೇ ಮೇಜು, ಅದೇ ಕ್ಯಾಮೆರಾ ಕೋನ, ಮೊದಲ ಸೆಕೆಂಡಿನಲ್ಲೇ ತೊಂದರೆಯ ಸದ್ದು. ಮೊದಲನೆಯದು ಕಿರ್ರ್ ಅಂತ ಶುರುವಾಗಿತ್ತಲ್ಲ, ಇದು ಚಕ್ರ ತಿರುಗುವಾಗ ಬರುವ ಸರ್ ಸರ್ ಸದ್ದಿನಿಂದ ಶುರುವಾಗಲಿ.

ಹಾಗಂತ ಅದೇ ವಿಡಿಯೊವನ್ನು ಬೇರೆ ಸೈಕಲ್ ಮೇಲೆ ಮತ್ತೆ ಮಾಡುವುದೂ ಬೇಡ. ಸದ್ದು ನಿಲ್ಲಿಸಿಕೊಂಡವರಿಗೆ ಮತ್ತೆ ಅದೇ ಉತ್ತರ ಯಾಕೆ ಬೇಕು?

ಎರಡನೆಯದು ಡಿಸ್ಕ್ ಬ್ರೇಕ್. ಪ್ರಶ್ನೆ ಕೇಳುವವರು ಜಾಸ್ತಿ, ಹಾಗಾಗಿ ಇದು ಮೊದಲನೆಯದಕ್ಕಿಂತ ದೂರ ಹೋಗುವ ಸಾಧ್ಯತೆ ಇದೆ. ಡಿಸ್ಕಿಗೆ ಎಣ್ಣೆಯೋ ಕೈ ಜಿಡ್ಡೋ ತಾಗಿದ್ದರೆ ಸದ್ದು ಬರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಡಿಸ್ಕ್ ಒರೆಸುವುದನ್ನು ತೋರಿಸಿ. ಪ್ಯಾಡ್ ಎಣ್ಣೆ ಕುಡಿದಿದ್ದರೆ ಸಾಮಾನ್ಯವಾಗಿ ಬದಲಿಸುವುದೇ ದಾರಿ ಅಂತಲೂ ನೇರವಾಗಿ ಹೇಳಿ. ಮೂರನೆಯದು ರಬ್ಬರ್ ಸವೆದಿದೆಯಾ ಅಂತ ಗೆರೆ ನೋಡಿ ತಿಳಿಯುವುದು. ಹೀಗೆ ಎರಡು ವಾರಕ್ಕೆ ಮೂರು ಶಾರ್ಟ್ಸ್. ದಿನಕ್ಕೆ ಎರಡು ಮೂರು ಸುರಿಯುವ ಆಸೆ ಬರುತ್ತದೆ, ತಡೆಯಿರಿ. ಅವಸರಕ್ಕೆ ಮಾಡಿದ ಐದಾರು ವಿಡಿಯೊಗಳನ್ನು ಹೊಸಬರು ಸರಿಸಿಬಿಟ್ಟರೆ ನಿಮ್ಮ ವಿಡಿಯೊ ಅವರಿಗೆ ಮತ್ತೆ ಕಾಣುವ ಅವಕಾಶ ಕಡಿಮೆಯಾಗುತ್ತದೆ.

ಮೂರೂ ಬಂದ ಮೇಲೆ ಅವುಗಳ ನಡುವೆ ಕೊಂಡಿ ಹಾಕಿ. ಸದ್ದಿನ ವಿಡಿಯೊದಿಂದ ಉಜ್ಜುವ ವಿಡಿಯೊಗೆ, ಅಲ್ಲಿಂದ ಸವೆತದ ವಿಡಿಯೊಗೆ. ಒಂದನ್ನು ಮಾಡಿ ಮುಗಿಸಿದವರಿಗೆ ಮುಂದೆ ಸಹಜವಾಗಿ ಹುಟ್ಟುವ ಪ್ರಶ್ನೆ ಅದೇ ಕ್ರಮದಲ್ಲಿದೆ.

ಉದ್ದದ ವಿಡಿಯೊ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಶಾರ್ಟ್ಸ್ ಓಡಿದ ಕೂಡಲೇ 20 ನಿಮಿಷದ್ದು ಮಾಡಿ ಎಂದು ಹೇಳುವವರು ತುಂಬಾ ಇದ್ದಾರೆ. ಫೀಡ್ ಸರಿಸುತ್ತಾ ಕೂತವರು ಮತ್ತು ಕೂತು ಪೂರ್ತಿ ನೋಡುವವರು ಬೇರೆ ಬೇರೆ ಮನಸ್ಥಿತಿಯಲ್ಲಿ ಇರುತ್ತಾರೆ, ಒಬ್ಬರೇ ಆದರೂ ಸಹ. ಕಾಮೆಂಟಿನಲ್ಲಿ "ಪೂರ್ತಿ ತೋರಿಸಿ", "ನಿಧಾನವಾಗಿ ತೋರಿಸಿ" ಅಂತ ಮತ್ತೆ ಮತ್ತೆ ಬಂದರೆ ಮಾತ್ರ ಮಾಡಿ. ಮಾಡಿದರೆ ಏಳೆಂಟು ನಿಮಿಷ ಸಾಕು, ವಿಷಯ ಬ್ರೇಕ್ ಒಂದೇ. ಪರಿಚಯದ ಮಾತು ಬೇಡ, ಕಿರ್ರ್ ಸದ್ದಿನಿಂದಲೇ ಶುರು ಮಾಡಿ. ಶಾರ್ಟ್ಸ್‌ನಿಂದ ಅಲ್ಲಿಗೆ ಬರುವವರು ಕೆಲವೇ ಜನ ಆಗಿರುತ್ತಾರೆ. 3.8 ಲಕ್ಷದ ಪಕ್ಕದಲ್ಲಿ ಕೆಲವು ನೂರು ಅಂದರೆ ಸಪ್ಪೆ ಅನ್ನಿಸುತ್ತದೆ, ಆದರೆ ನಿಜವಾಗಿ ಸೈಕಲ್ ಬಿಚ್ಚುವವರು ಅವರೇ.

ಇದೆಲ್ಲ ಫಲಿಸುತ್ತಿದೆಯಾ ಅಂತ ತಿಳಿಯುವುದು ಹೇಗೆ? ಮುಂದಿನ ವಿಡಿಯೊಗಳನ್ನು 3.8 ಲಕ್ಷಕ್ಕೆ ಹೋಲಿಸಬೇಡಿ. ನಿಮ್ಮ ಅಳತೆಗೋಲು ಹಳೆಯ ಒಂದರಿಂದ ಒಂದೂವರೆ ಸಾವಿರ. ತಿಂಗಳಾದ ಮೇಲೆ ಸಾಧಾರಣ ವಿಡಿಯೊ ಎರಡು ಸಾವಿರಕ್ಕೆ ಬಂದು ನಿಂತರೆ ಉಳಿಸಿಕೊಂಡಿದ್ದೀರಿ ಅಂತಲೇ ಲೆಕ್ಕ. Audience ಭಾಗದಲ್ಲಿ ನೋಡುಗರನ್ನು New, Casual, Regular ಅಂತ ಮೂರು ಗುಂಪು ಮಾಡಿರುತ್ತಾರೆ. Regular ಸಾಲು ಅಲ್ಲಾಡದೇ ಇದ್ದರೆ ಗಾಬರಿ ಬೇಡ. ಅದು ವರ್ಷದಲ್ಲಿ ಆರು ತಿಂಗಳಿಗಿಂತ ಜಾಸ್ತಿ ನೋಡಿದವರ ಲೆಕ್ಕ, ಈಗ ಬಂದವರು ಅಲ್ಲಿಗೆ ಸೇರೋಕೆ ಕಾಲ ಬೇಕು. ನೀವು ಕಣ್ಣಿಡಬೇಕಾದ್ದು Casual ಮೇಲೆ. ಮುಂದಿನ ತಿಂಗಳು New ಇಳಿದು Casual ಏರಿದರೆ ಹೊಸಬರಲ್ಲಿ ಒಂದಿಷ್ಟು ಜನ ಮತ್ತೆ ಬಂದಿದ್ದಾರೆ ಅಂತ ಅರ್ಥ. New ಇಳಿದು Casual ಕೂಡ ಹಾಗೇ ಇದ್ದರೆ ಬ್ರೇಕ್ ವಿಡಿಯೊಗಳು ಅವರನ್ನು ಮುಟ್ಟಿಲ್ಲ. ಆಗ ಕಾಮೆಂಟ್ ಹಾಳೆಗೆ ಹಿಂದಿರುಗಿ, ನೀವು ಉತ್ತರ ಕೊಟ್ಟದ್ದು ಅವರ ಪ್ರಶ್ನೆಗೋ ನಿಮಗಿಷ್ಟವಾದ ಪ್ರಶ್ನೆಗೋ ನೋಡಿ.

ಗೇರ್, ಟೈರ್ ಯಾವಾಗ? ಮೂರು ಬ್ರೇಕ್ ವಿಡಿಯೊ ಆದ ಮೇಲೆ ನಾಲ್ಕನೆಯದನ್ನು ಅಂಚಿಗೆ ತನ್ನಿ. ಚಕ್ರ ವಾಲಿದ್ದರೆ ಬ್ರೇಕ್ ಸರಿ ಇದ್ದರೂ ಸುತ್ತಿನಲ್ಲಿ ಒಂದು ಕಡೆ ಮಾತ್ರ ಉಜ್ಜುತ್ತದೆ. ಅದು ಬ್ರೇಕ್ ಪ್ರಶ್ನೆ, ಉತ್ತರ ಚಕ್ರದ್ದು. ಅಲ್ಲಿಂದ ಕಡ್ಡಿ ಬಿಗಿ ಮಾಡುವುದು, ಆಮೇಲೆ ಟೈರ್. ಒಮ್ಮೆಗೇ ಹಾರಿದಾಗ 700ರಲ್ಲಿ ನಿಂತ ವಿಷಯಕ್ಕೆ ಹೀಗೆ ಒಂದೊಂದೇ ಮೆಟ್ಟಿಲಿಳಿದು ಹೋದರೆ ಜನ ಜೊತೆಗೆ ಬರುವ ಸಾಧ್ಯತೆ ಜಾಸ್ತಿ.

ಕೊನೆಗೆ ಒಂದು ಸಣ್ಣ ಕೆಲಸ. ಇಂಥ ಶಾರ್ಟ್ಸ್ ತಣ್ಣಗಾಗಿ, ಕೆಲವು ವಾರ ಬಿಟ್ಟು ಇದ್ದಕ್ಕಿದ್ದಂತೆ ಮತ್ತೆ ಏರುವುದುಂಟು. ಆದ್ದರಿಂದ ವಾರಕ್ಕೊಮ್ಮೆ ಆ ವಿಡಿಯೊ ತೆರೆದು Related video ಯಾವುದಕ್ಕೆ ತೋರಿಸುತ್ತಿದೆ ಅಂತ ನೋಡಿ. ಪಿನ್ ಕಾಮೆಂಟಿನಲ್ಲಿ "ಮುಂದಿನ ವಿಡಿಯೊದಲ್ಲಿ ಉತ್ತರ ಕೊಡುತ್ತೇನೆ" ಅಂತ ಇನ್ನೂ ಇದ್ದರೆ ಅದನ್ನು ತಿದ್ದಿ, ಉತ್ತರ ಯಾವ ವಿಡಿಯೊದಲ್ಲಿದೆ ಅಂತ ಹೆಸರು ಹಾಕಿ.